ಸನ್, ಸ್ಟಾರ್, ಏಸ್ ಆಫ್ ಕಪ್ಸ್: ನಡುವೆ ಕಾಣದ ಚಂದ್ರ

ಟ್ಯಾರೋ ಓದುವಾಗ ಬ್ರೇಕಪ್ ನಂತರದ ಪ್ರಶ್ನೆಗೆ ಈ ಮೂರು ಕಾರ್ಡ್ ಒಟ್ಟಿಗೆ ಬಂದರೆ ಹೊಸಬರ ಕೈ ತಪ್ಪುವುದು ಜಾಸ್ತಿ. ಮೂರೂ ಚಂದದ ಕಾರ್ಡ್. ನೋಡಿದ ಕೂಡಲೇ "ಎಲ್ಲಾ ಸರಿಹೋಯ್ತು, ಹೊಸ ಪ್ರೀತಿ ಬರ್ತಿದೆ" ಅಂತ ಹೇಳಿಬಿಡುತ್ತೇವೆ. ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ಈಗ ಮೊದಲು ನೋಡುವುದು ಎರಡೇ ವಿಷಯ. ಕಾರ್ಡ್‌ಗಳು ಯಾವ ಕ್ರಮದಲ್ಲಿ ಬಿದ್ದಿವೆ? ಅವುಗಳ ಚಿತ್ರದಲ್ಲಿ ನೀರು ಯಾವ ಕಡೆಗೆ ಹರಿಯುತ್ತಿದೆ?

ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ದಾವಣಗೆರೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಒಂದು ಭಾನುವಾರ ಚಿತ್ರದುರ್ಗಕ್ಕೆ ನಮ್ಮ ಮನೆಗೆ ಬಂದಿದ್ದಳು. ನಾಲ್ಕು ವರ್ಷದ ಸಂಬಂಧ ಮುರಿದು ಎಂಟು ತಿಂಗಳಾಗಿತ್ತು. "ಅಕ್ಕಾ, ಅವನು ವಾಪಸ್ ಬರ್ತಾನಾ ಅಂತ ನೋಡಿ" ಅಂದಳು. ಆ ಪ್ರಶ್ನೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಎದುರಿಗೆ ಇಲ್ಲದವನ ಮನಸ್ಸನ್ನು ಕಾರ್ಡ್ ಹೇಳುತ್ತದೆ ಅಂತ ನಾನು ನಂಬುವುದಿಲ್ಲ. ಇಬ್ಬರೂ ಕೂತು ಪ್ರಶ್ನೆ ಬದಲಿಸಿದೆವು. ಒಂದನೇ ಜಾಗ: ನನ್ನ ನೋವು ಈಗ ಎಲ್ಲಿದೆ. ಎರಡನೇ ಜಾಗ: ಅದು ಮಾಯಲು ಏನು ಬೇಕು. ಮೂರನೇ ಜಾಗ: ಮುಂದೆ ಯಾವುದಕ್ಕೆ ಬಾಗಿಲು ತೆರೆಯಬೇಕು. ಬಿದ್ದದ್ದು ಹೀಗೆ: ಸನ್, ಸ್ಟಾರ್, ಏಸ್ ಆಫ್ ಕಪ್ಸ್. ಎಲ್ಲಾ ನೇರವಾಗಿಯೇ ಬಿದ್ದಿದ್ದವು.

ನಾನು ಬಳಸುವುದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ರೈಡರ್ ವೇಟ್ ಕಟ್ಟು. ಕಟ್ಟನ್ನು ರೂಪಿಸಿದ್ದು ಎ. ಇ. ವೇಟ್, ಚಿತ್ರ ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್. ಅದರಲ್ಲಿ ಸ್ಟಾರ್ 17, ಮೂನ್ 18, ಸನ್ 19. ಸ್ಟಾರ್‌ಗಿಂತ ಮೊದಲು 16ರಲ್ಲಿ ಟವರ್ ಇದೆ. ಸಿಡಿಲು ಬಡಿದು ಕಟ್ಟಡ ಬೀಳುವ ಕಾರ್ಡ್ ಅದು. ಬ್ರೇಕಪ್ ಅಂದರೆ ಬಹಳ ಸಲ ಈ ಟವರ್‌ನ ಅನುಭವವೇ, ಅಲ್ವಾ? ಬಿದ್ದ ಮೇಲೆ ಸ್ಟಾರ್ ಬರುತ್ತದೆ. ಆದರೆ ಸ್ಟಾರ್‌ನಿಂದ ಸನ್‌ಗೆ ನೇರ ದಾರಿ ಇಲ್ಲ. ನಡುವೆ ಮೂನ್ ಇದೆ. ನಾಯಿ, ತೋಳ ಎರಡೂ ಊಳಿಡುವ, ದಾರಿ ಸರಿಯಾಗಿ ಕಾಣದ ರಾತ್ರಿ ಅದು. ಸನ್ ಮತ್ತು ಸ್ಟಾರ್ ಒಟ್ಟಿಗೆ ಬಂದು ಮೂನ್ ಬರದಿದ್ದರೆ, ಆ ರಾತ್ರಿ ಎಲ್ಲಿ ಹೋಯಿತು ಅಂತ ನಾನು ಕೇಳಿಯೇ ಕೇಳುತ್ತೇನೆ.

ಇಲ್ಲಿ ಸನ್ ಬಿದ್ದದ್ದು ನೋವಿನ ಜಾಗದಲ್ಲಿ. ಇದೇ ಈ ಓದಿನ ಗಂಟು. ಸನ್ ಕಾರ್ಡಿನಲ್ಲಿ ಬರಿಮೈಯ ಮಗು ಬಿಳಿ ಕುದುರೆಯ ಮೇಲೆ ಕೂತಿದೆ. ಕೈಯಲ್ಲಿ ಕೆಂಪು ಬಾವುಟ. ಹಿಂದೆ ಗೋಡೆ, ಗೋಡೆಯ ಮೇಲೆ ಸೂರ್ಯಕಾಂತಿ. ಸಂತೋಷ, ಸ್ಪಷ್ಟತೆ ಅಂತ ಅರ್ಥ ಹೇಳುತ್ತೇವೆ, ಸರಿಯೇ. ಆದರೆ ಆ ಚಿತ್ರದಲ್ಲಿ ಒಂದು ತೊಟ್ಟೂ ನೀರಿಲ್ಲ. ನೆರಳೂ ಇಲ್ಲ. ನಮ್ಮ ದುರ್ಗದವರಿಗೆ ಏಪ್ರಿಲ್ ಬಿಸಿಲು ಗೊತ್ತು. ಎಲ್ಲವೂ ಚೆನ್ನಾಗಿ ಕಾಣುತ್ತದೆ, ನಿಲ್ಲಲು ಮಾತ್ರ ಆಗುವುದಿಲ್ಲ. ನೋವಿನ ಜಾಗದಲ್ಲಿ ಬಿದ್ದ ಸನ್ ಅನ್ನು ನಾನು ಹೀಗೆ ಓದಿದೆ: ಇವಳು ಸದಾ ಬೆಳಕಿನಲ್ಲೇ ನಿಂತಿದ್ದಾಳೆ. ಎಲ್ಲರ ಮುಂದೆ ನಗುತ್ತಿದ್ದಾಳೆ. ಅಳಲು ಒಂದು ನೆರಳಿನ ಜಾಗ ಸಿಕ್ಕಿಲ್ಲ.

ಆದರೆ ಇದನ್ನು ಹೇಳುವ ಮೊದಲು ಕೇಳಬೇಕು. ಅದೇ ಜಾಗದಲ್ಲಿ ಸನ್ ನಿಜವಾದ ಚೇತರಿಕೆಯನ್ನೂ ಹೇಳಬಹುದು. ಗುರುತಿಸುವುದು ಹೇಗೆ? ನಾನು ರಾತ್ರಿಯ ಬಗ್ಗೆ ಕೇಳುತ್ತೇನೆ. ನಿಜವಾಗಿ ಚೇತರಿಸಿಕೊಂಡವರು "ನಿದ್ದೆ ಬರುತ್ತೆ" ಅನ್ನುತ್ತಾರೆ. ಇವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ಹಗಲು ಆರಾಮಾಗೇ ಇರ್ತೀನಿ ಅಕ್ಕಾ. ಹನ್ನೊಂದು ಗಂಟೆ ಆದ್ರೆ ಹಳೇ ಫೋಟೋ ತೆಗೀತೀನಿ" ಅಂದಳು. ಕಾಣದ ಚಂದ್ರ ಅಲ್ಲಿದ್ದ.

ಈಗ ಸಂಖ್ಯೆ ನೋಡಿ. ಮೊದಲು 19, ಆಮೇಲೆ 17. ಸ್ಪ್ರೆಡ್ ಹಿಂದಕ್ಕೆ ನಡೆಯುತ್ತಿದೆ. ಇವಳು ಹಾರಿ ಬಂದ ಮೆಟ್ಟಿಲನ್ನು ಮತ್ತೆ ಇಳಿಯಬೇಕು ಅಂತ ನನಗೆ ಅನ್ನಿಸಿತು. ಇದನ್ನು ಸೋಲು ಅಂತ ಓದಬೇಡಿ. ಸ್ಟಾರ್ ಬಿದ್ದಿರುವುದು "ಏನು ಬೇಕು" ಅನ್ನುವ ಜಾಗದಲ್ಲಿ. ಆ ಕಾರ್ಡಿನ ಹೆಂಗಸು ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಪಾದವನ್ನು ನೀರಿನ ಮೇಲಿಟ್ಟಿದ್ದಾಳೆ. ಎರಡು ಹೂಜಿ ಹಿಡಿದು ಒಂದನ್ನು ಕೊಳಕ್ಕೆ, ಇನ್ನೊಂದನ್ನು ನೆಲಕ್ಕೆ ಸುರಿಯುತ್ತಿದ್ದಾಳೆ. ಮೈಮೇಲೆ ಬಟ್ಟೆ ಇಲ್ಲ, ತೋರಿಕೆ ಇಲ್ಲ. ನೋಡುವವರು ಯಾರೂ ಇಲ್ಲ. ಸನ್‌ನ ಮಗುವೂ ಬರಿಮೈಯೇ, ಆದರೆ ಅದು ಬಾವುಟ ಹಿಡಿದು ಹೊರಟಿದೆ. ಸ್ಟಾರ್‌ನ ಹೆಂಗಸು ಕತ್ತಲಲ್ಲಿ ಕೂತು ಖಾಲಿ ಮಾಡುತ್ತಿದ್ದಾಳೆ. ಸ್ಟಾರ್ ಅಂದರೆ ಬರೀ ಭರವಸೆ ಅಂತ ಬರೆದುಕೊಂಡವರು ಈ ಸುರಿಯುವ ಕೆಲಸವನ್ನು ಮರೆಯುತ್ತಾರೆ. ಒಳಗಿರುವುದು ಹೊರಗೆ ಹೋಗಬೇಕು, ಅದೂ ನಿಧಾನವಾಗಿ.

ನೆಲಕ್ಕೆ ಬಿದ್ದ ನೀರು ಐದು ಕವಲಾಗಿ ಹರಿಯುತ್ತದೆ. ಏಸ್ ಆಫ್ ಕಪ್ಸ್‌ನ ಬಟ್ಟಲಿನಿಂದಲೂ ಐದು ಧಾರೆ ಇಳಿಯುತ್ತದೆ. (ವೇಟ್ ತನ್ನ ವಿವರಣೆಯಲ್ಲಿ ನಾಲ್ಕು ಅಂತ ಬರೆದಿದ್ದಾನೆ. ಚಿತ್ರದಲ್ಲಿ ಎಣಿಸಿ, ಐದಿದೆ. ಚಿತ್ರವನ್ನೇ ನಂಬಿ.) ಈ ಐದನ್ನು ಐದು ಇಂದ್ರಿಯ ಅಂತ ಓದುವ ರೂಢಿ ಇದೆ. ಬ್ರೇಕಪ್ ಓದಿನಲ್ಲಿ ಇದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಬಿಸಿನೀರಿನ ಸ್ನಾನ, ಹೊತ್ತಿಗೆ ಸರಿಯಾಗಿ ಊಟ, ಬೆಳಗಿನ ನಡಿಗೆ. ವಾಸಿಯಾಗುವುದು ಮೊದಲು ಮೈಯಲ್ಲಿ.

ಆದರೆ ಎರಡು ನೀರೂ ಒಂದೇ ಅಲ್ಲ. ಕೋಟೆಯ ಮೇಲಿನ ಹೊಂಡಗಳನ್ನು ನೆನೆಸಿಕೊಳ್ಳಿ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದ ಮೇಲೆ ಆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಏಸ್‌ನ ಬಟ್ಟಲು ಹಾಗೆ ಕೋಡಿ ಬಿದ್ದ ಬಟ್ಟಲು, ಯಾರೂ ಅದನ್ನು ಬಗ್ಗಿಸಿಲ್ಲ. ಸ್ಟಾರ್‌ನಲ್ಲಿ ಹೆಂಗಸೇ ಕೈಯಾರೆ ಸುರಿಯುತ್ತಾಳೆ. ಹಾಗಾಗಿ ಸ್ಟಾರ್ ನಾವು ಮಾಡುವ ಕೆಲಸ, ಏಸ್ ನಮಗೆ ಸಿಗುವುದು. ಸ್ಟಾರ್ ಮೊದಲು, ಏಸ್ ಆಮೇಲೆ ಬಿದ್ದದ್ದು ಇವಳಿಗೆ ಒಳ್ಳೆಯ ಕ್ರಮ. ಏಸ್ ಮೊದಲು ಬಿದ್ದು ಸ್ಟಾರ್ ಕೊನೆಯಲ್ಲಿ ಬಂದಿದ್ದರೆ, ಹೊಸ ಸಂಬಂಧಕ್ಕೆ ಬೇಗ ಕೈಹಾಕಿ ಆಮೇಲೆ ಹಳೆಯದಕ್ಕೆ ಅಳುವ ಸಾಧ್ಯತೆಯನ್ನು ನಾನು ಕೇಳುತ್ತಿದ್ದೆ. ಏಸ್ ತಲೆಕೆಳಗಾಗಿ ಬಿದ್ದರೆ, ಕೊಡುವವರಿದ್ದರೂ ತೆಗೆದುಕೊಳ್ಳಲು ಆಗುತ್ತಿಲ್ಲ ಅಂತ ಓದುತ್ತೇನೆ.

ಇನ್ನೊಂದು ಮಾತು. ಏಸ್‌ನಲ್ಲಿ ಮೋಡದಿಂದ ಒಂದು ಕೈ ಮಾತ್ರ ಬಂದಿದೆ. ಮುಖ ಇಲ್ಲ. ಆ ಕೈಗೆ ಹಳೆಯವನ ಹೆಸರನ್ನಾಗಲಿ, ಹೊಸಬನ ಹೆಸರನ್ನಾಗಲಿ ಅಂಟಿಸಬೇಡಿ. ಅದೂ ಅಲ್ಲದೆ ಸನ್, ಸ್ಟಾರ್ ಎರಡೂ ಮೇಜರ್, ಅಂದರೆ ಬದುಕಿನ ದೊಡ್ಡ ತಿರುವುಗಳ ಕಾರ್ಡ್, ಏಸ್ ಮೈನರ್. ನಾನು ಮೈನರ್ ಕಾರ್ಡನ್ನು ದಿನದಿನದ ಸಣ್ಣ ಸಂಗತಿಯಲ್ಲೇ ಹುಡುಕುತ್ತೇನೆ. "ಈಚೆಗೆ ಯಾರಾದ್ರೂ ಏನಾದ್ರೂ ಕೊಡೋಕೆ ಬಂದು, ನೀನು ಬೇಡ ಅಂದಿದ್ದು ಇದೆಯಾ?" ಅಂತ ಕೇಳಿದೆ. ಅವಳ ಅಕ್ಕ ಎರಡು ತಿಂಗಳಿಂದ ಊಟಕ್ಕೆ ಕರೆಯುತ್ತಿದ್ದಳಂತೆ. ಹೋದರೆ ಅತ್ತುಬಿಡುತ್ತೇನೆ ಅಂತ ಇವಳು ಹೋಗಿರಲಿಲ್ಲ.

ಎರಡು ಎಚ್ಚರಿಕೆ ಬರೆದುಕೊಳ್ಳಿ. ಉತ್ತರ ಹಿಡಿಸಲಿಲ್ಲ ಅಂತ ಅದೇ ದಿನ ಮತ್ತೆ ಕಾರ್ಡ್ ಹಾಕಬೇಡಿ. ನಾನು ಕಡೇ ಪಕ್ಷ ಮೂರು ವಾರ ಬಿಡುತ್ತೇನೆ. ಮತ್ತೆ, ನಿದ್ದೆ ಊಟ ವಾರಗಟ್ಟಲೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, ಕಾರ್ಡ್ ಎತ್ತಿಟ್ಟುಬಿಡಿ. ಅದು ಡಾಕ್ಟರ ಕೆಲಸ. ಸರ್ಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ನೀವೇ ಪಕ್ಕದಲ್ಲಿ ಕೂತು ಫೋನ್ ಮಾಡಿಸಿ.

ಇವಳಿಗೆ ಆ ಮಾತು ಬೇಕಾಗಲಿಲ್ಲ. ಹೊರಡುವಾಗ ಸ್ಟಾರ್ ಕಾರ್ಡಿನ ಫೋಟೋ ತೆಗೆದುಕೊಂಡಳು. ಮೂರು ವಾರದ ಮೇಲೆ ಫೋನ್ ಬಂತು. "ಅಕ್ಕನ ಮನೆಗೆ ಹೋಗಿದ್ದೆ. ತಟ್ಟೆ ಮುಂದೇನೇ ಅತ್ತೆ. ಅಕ್ಕ ಏನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು" ಅಂದಳು.