ತಂತಿ, ತೆರೆದ ಕೊಳವೆ, ಮುಚ್ಚಿದ ಕೊಳವೆ: ಕಾಲು ಎಣಿಸಿ ಹಾರ್ಮೋನಿಕ್ ಹಿಡಿಯುವುದು

ಸ್ಥಾಯಿ ತರಂಗ ಅಂದ ತಕ್ಷಣ ನಾವು ಮೂರು ಸೂತ್ರ ಬಾಯಿಪಾಠ ಮಾಡುತ್ತೇವೆ. ತಂತಿಗೊಂದು, ಎರಡೂ ಕಡೆ ತೆರೆದ ಕೊಳವೆಗೊಂದು, ಒಂದು ಕಡೆ ಮುಚ್ಚಿದ ಕೊಳವೆಗೊಂದು. ಪರೀಕ್ಷೆ ಹೊತ್ತಿಗೆ ಮೂರೂ ಕಲಸಿಹೋಗುತ್ತವೆ. ಅದಕ್ಕೇ ಸೂತ್ರ ಪಕ್ಕಕ್ಕಿಟ್ಟು ಮೊದಲು ತುದಿಗಳನ್ನು ನೋಡಿ.

ತಂತಿಯ ಬಿಗಿದ ತುದಿ ಅಲುಗಾಡುವ ಹಾಗಿಲ್ಲ, ಹಾಗಾಗಿ ಅಲ್ಲಿ ನೋಡ್. ಕೊಳವೆಯ ಮುಚ್ಚಿದ ತುದಿಯಲ್ಲೂ ಗಾಳಿಗೆ ಗೋಡೆ ಅಡ್ಡ ಇದೆ, ಅಲ್ಲೂ ನೋಡ್. ತೆರೆದ ತುದಿಯಲ್ಲಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೇ ಅಂಟಿಕೊಂಡಿರಬೇಕು, ಆದರೆ ಗಾಳಿ ಆರಾಮಾಗಿ ಹಿಂದೆ ಮುಂದೆ ಓಡಾಡಬಹುದು, ಹಾಗಾಗಿ ಅಲ್ಲಿ ಆಂಟಿನೋಡ್. ಕೆಲವು ಚಿತ್ರಗಳಲ್ಲಿ ಇದು ಉಲ್ಟಾ ಕಾಣುತ್ತದೆ. ಅವು ಒತ್ತಡದ ಚಿತ್ರಗಳು. ನಾವಿಲ್ಲಿ ಎಣಿಸುತ್ತಿರುವುದು ಗಾಳಿಯ ಚಲನೆಯನ್ನು.

ಒಂದು ನೋಡ್‌ನಿಂದ ಪಕ್ಕದ ಆಂಟಿನೋಡ್‌ಗೆ ದೂರ λ/4, ಅಂದರೆ ತರಂಗದೂರದ ಕಾಲು ಭಾಗ. ಈಗ ಒಂದು ತುದಿಯಿಂದ ಹೊರಟು ಕಾಲು ಕಾಲಾಗಿ ಎಣಿಸುತ್ತಾ ಹೋಗಿ: ನೋಡ್, ಆಂಟಿನೋಡ್, ನೋಡ್, ಆಂಟಿನೋಡ್. ಎರಡೂ ತುದಿ ಒಂದೇ ಥರ ಇದ್ದರೆ 2, 4, 6 ಹೀಗೆ ಸಮ ಸಂಖ್ಯೆಯ ಕಾಲುಗಳಲ್ಲಿ ಮಾತ್ರ ನಿಲ್ಲಲು ಸಾಧ್ಯ. ತುದಿಗಳು ಬೇರೆ ಬೇರೆ ಇದ್ದರೆ 1, 3, 5. ಕಾಲುಗಳ ಸಂಖ್ಯೆ q ಅಂದರೆ ಒಂದೇ ಸೂತ್ರ ಸಾಕು:

f = q v / 4L

ತಂತಿಗೂ ತೆರೆದ ಕೊಳವೆಗೂ q ಯಾವಾಗಲೂ ಸಮ, ಅದಕ್ಕೇ ಎರಡಕ್ಕೂ ಎಲ್ಲ ಹಾರ್ಮೋನಿಕ್‌ಗಳೂ ಸಿಗುತ್ತವೆ. ಒಂದು ಎಚ್ಚರ: ತಂತಿಯಲ್ಲಿ v ಅಂದರೆ ತಂತಿಯ ಮೇಲಿನ ಅಲೆಯ ವೇಗ, ಅದು ಬಿಗಿತ ಮತ್ತು ತಂತಿಯ ತೂಕದಿಂದ ಬರುತ್ತದೆ. ಅಲ್ಲಿ 340 ಹಾಕಿದರೆ ಲೆಕ್ಕ ಕೆಟ್ಟ ಹಾಗೇ.

ಒಂದು ಉದಾಹರಣೆ ಮಾಡೋಣ. 50 ಸೆಂ.ಮೀ. ಕೊಳವೆ, ಒಂದು ಕಡೆ ಮುಚ್ಚಿದೆ, ಶಬ್ದದ ವೇಗ 340 ಮೀ/ಸೆ. 2000 ಹರ್ಟ್ಸ್ ಒಳಗೆ ಎಷ್ಟು ಅನುರಣನ ಆವೃತ್ತಿಗಳಿವೆ? ಒಂದು ಕಾಲಿಗೆ 340/(4 × 0.5) = 170 ಹರ್ಟ್ಸ್. 2000 ಭಾಗಿಸು 170 ಅಂದರೆ 11.76. ಇಲ್ಲಿ 11 ಅಂತ ಬರೆದು ಎದ್ದು ಹೋಗುವವರು ಜಾಸ್ತಿ. ಆದರೆ ಬೆಸ ಸಂಖ್ಯೆಗಳು ಮಾತ್ರ ಬೇಕು, ಅಲ್ವಾ? 1, 3, 5, 7, 9, 11. ಉತ್ತರ 6. ಅದೇ ಕೊಳವೆಯ ಎರಡೂ ಕಡೆ ತೆರೆದಿದ್ದರೆ ಮೂಲ ಆವೃತ್ತಿಯೇ 340, ಆಗ 340, 680, 1020, 1360, 1700. ಬರೀ 5.

ಈಗ ಹಾರ್ಮೋನಿಕ್ ಮತ್ತು ಓವರ್‌ಟೋನ್. ಹಾರ್ಮೋನಿಕ್ ಸಂಖ್ಯೆ ಅಂದರೆ ಮೂಲ ಆವೃತ್ತಿಯ ಎಷ್ಟು ಪಟ್ಟು ಅಂತ. ಓವರ್‌ಟೋನ್ ಅಂದರೆ ಮೂಲದ ಮೇಲೆ ನಿಜವಾಗಿ ಸಿಗುವುದರಲ್ಲಿ ಎಷ್ಟನೆಯದು ಅಂತ. ಮೇಲಿನ ಮುಚ್ಚಿದ ಕೊಳವೆಯಲ್ಲಿ 510 ಹರ್ಟ್ಸ್ ಮೂರನೇ ಹಾರ್ಮೋನಿಕ್, ಆದರೆ ಮೊದಲ ಓವರ್‌ಟೋನ್. 1870 ಹನ್ನೊಂದನೇ ಹಾರ್ಮೋನಿಕ್, ಐದನೇ ಓವರ್‌ಟೋನ್. ಮುಚ್ಚಿದ ಕೊಳವೆಯಲ್ಲಿ q ಅನ್ನೋದೇ ಹಾರ್ಮೋನಿಕ್ ಸಂಖ್ಯೆ, ಬೇರೇನೂ ಲೆಕ್ಕ ಬೇಡ. ತಂತಿ ಮತ್ತು ತೆರೆದ ಕೊಳವೆಯಲ್ಲಿ q ಅರ್ಧ ಮಾಡಿ.

ಕೊಳಲಿನ ಬಗ್ಗೆ ಒಂದು ಮಾತು. ಊದುವ ಕಡೆಯ ತುದಿಗೆ ಬಿರಡೆ ಇರುತ್ತದೆ, ಹಾಗಾಗಿ ಅದು ಮುಚ್ಚಿದ ಕೊಳವೆ ಅಂತ ಅನಿಸಬಹುದು. ಆದರೆ ಊದುವ ರಂಧ್ರ ಹೊರಗಿನ ಗಾಳಿಗೆ ತೆರೆದೇ ಇದೆ, ಆದ್ದರಿಂದ ಅದು ಎರಡೂ ಕಡೆ ತೆರೆದ ಕೊಳವೆಯ ಹಾಗೆ ನಡೆದುಕೊಳ್ಳುತ್ತದೆ. ಜೋರಾಗಿ ಊದಿದರೆ ಆವೃತ್ತಿ ಎರಡು ಪಟ್ಟಿಗೆ ಜಿಗಿದು ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. ಕ್ಲಾರಿನೆಟ್‌ನ ರೀಡ್ ಕಡೆ ಮುಚ್ಚಿದ ತುದಿಯ ಹಾಗೆ, ಅಲ್ಲಿ ಜಿಗಿತ ಮೂರು ಪಟ್ಟು.

ಇನ್ನು ಅನುರಣನ ಕೊಳವೆಯ ಪ್ರಯೋಗ. ಇಲ್ಲಿ ಕಾಲು ಭಾಗ ಸರಿಯಾಗಿ ಕೂರುವುದಿಲ್ಲ, ಯಾಕೆಂದರೆ ಆಂಟಿನೋಡ್ ಕೊಳವೆಯ ಬಾಯಿಯಿಂದ ಸ್ವಲ್ಪ ಮೇಲಕ್ಕಿರುತ್ತದೆ, ಸುಮಾರು ತ್ರಿಜ್ಯದ 0.6 ಪಟ್ಟು. 512 ಹರ್ಟ್ಸ್ ಶ್ರುತಿಕವೆ ಹಿಡಿದಾಗ ಗಾಳಿಯ ಕಂಬ 16.0 ಸೆಂ.ಮೀ. ಇರುವಾಗ ಮೊದಲ ಸಲ, 49.2 ಸೆಂ.ಮೀ. ಇರುವಾಗ ಎರಡನೇ ಸಲ ಶಬ್ದ ಜೋರಾಯಿತು ಅಂದುಕೊಳ್ಳಿ. ಮೊದಲನೆಯದನ್ನು ಮಾತ್ರ ನಂಬಿ 4 × 512 × 0.160 ಮಾಡಿದರೆ ವೇಗ 328 ಬರುತ್ತದೆ, ಕಡಿಮೆಯಾಯಿತು. ಎರಡರ ವ್ಯತ್ಯಾಸ 33.2 ಸೆಂ.ಮೀ. ನಿಖರವಾಗಿ ಎರಡು ಕಾಲು, ಬಾಯಿಯ ತಪ್ಪು ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ: 2 × 512 × 0.332 = 340 ಮೀ/ಸೆ. ಒಂದು ಕಾಲು 16.6 ಸೆಂ.ಮೀ., ನಮಗೆ ಸಿಕ್ಕಿದ್ದು 16.0. ತಿದ್ದುಪಡಿ 0.6 ಸೆಂ.ಮೀ., ಅಂದರೆ ಕೊಳವೆಯ ಒಳ ತ್ರಿಜ್ಯ ಸುಮಾರು 1 ಸೆಂ.ಮೀ. ಇರಬೇಕು, ಸ್ಕೇಲ್ ಇಟ್ಟು ನೋಡಿಬಿಡಿ.