ಚೀಟಿ ಮೊದಲೇ ಎತ್ತೋದಾ, ಕೊನೇಲಿ ಎತ್ತೋದಾ: ನಿಜವಾದ ಬಡ್ಡಿ ಎಷ್ಟು ಬೀಳತ್ತೆ

ಹಾಸನದಲ್ಲಿ ನನ್ನ ಆಫೀಸಿಗೆ ಲೆಕ್ಕಪತ್ರ ತರೋರಲ್ಲಿ ಕಾಫಿ ಬೆಳೆಗಾರರು, ಅಂಗಡಿಯವರು, ಮೇಷ್ಟ್ರುಗಳು ಎಲ್ಲಾ ಇದಾರೆ, ಅದರಲ್ಲಿ ಬಹಳ ಜನರ ಹತ್ರ ಒಂದು ಚೀಟಿ ಪಾಸ್‌ಬುಕ್ ಇದ್ದೇ ಇರತ್ತೆ. "ಸರ್, ಇದರಲ್ಲಿ ನನಗೆ ಲಾಭ ಆಯ್ತಾ ಲಾಸ್ ಆಯ್ತಾ" ಅಂತ ಕೇಳ್ತಾರೆ. ಕಟ್ಟಿದ್ದೆಷ್ಟು ಬಂದದ್ದೆಷ್ಟು ಅಂತ ಕಳೆದು ನೋಡಿದ್ರೆ ಇದಕ್ಕೆ ಉತ್ತರ ಸಿಗಲ್ಲ, ಯಾಕಂದ್ರೆ ಒಂದೇ ಚೀಟಿಯಲ್ಲಿ ಇರೋ ಎಲ್ಲರೂ ಕಟ್ಟೋದು ಒಂದೇ ಮೊತ್ತ. ಯಾವ ತಿಂಗಳು ಎತ್ತಿದ್ರು, ಎಷ್ಟು ಬಿಟ್ಟು ಎತ್ತಿದ್ರು ಅನ್ನೋದ್ರಲ್ಲೇ ಪೂರ್ತಿ ವ್ಯತ್ಯಾಸ ಇರೋದು.

ಬೇಲೂರು ಕಡೆಯ ಒಬ್ಬ ಸಣ್ಣ ಬೆಳೆಗಾರರ ಚೀಟಿಯನ್ನೇ ತಗೊಳ್ಳೋಣ. 2 ಲಕ್ಷದ ಚೀಟಿ, 20 ಜನ, 20 ತಿಂಗಳು, ತಿಂಗಳಿಗೆ 10,000 ಕಂತು. ಕಂಪನಿ ಕಮಿಷನ್ 5 ಪರ್ಸೆಂಟ್, ಅಂದ್ರೆ ಪ್ರತಿ ತಿಂಗಳು 10,000 (2019ರ ತಿದ್ದುಪಡಿ ಆದ ಮೇಲೆ ಕಾನೂನು 7 ಪರ್ಸೆಂಟ್‌ವರೆಗೂ ಬಿಡತ್ತೆ, ನಿಮ್ಮ ಒಪ್ಪಂದದಲ್ಲಿ ಎಷ್ಟಿದೆ ನೋಡ್ಕೊಳ್ಳಿ). ಹರಾಜಲ್ಲಿ ಯಾರು ಹೆಚ್ಚು ದುಡ್ಡು ಬಿಡೋಕೆ ಒಪ್ತಾರೋ ಅವರಿಗೆ ಚೀಟಿ, ಅವರು ಬಿಟ್ಟ ದುಡ್ಡಲ್ಲಿ ಕಮಿಷನ್ ಕಳೆದು ಉಳಿದದ್ದು 20 ಜನಕ್ಕೂ ಡಿವಿಡೆಂಡ್ ಆಗಿ ಹಂಚಿ ಕಂತಲ್ಲಿ ಕಮ್ಮಿ ಆಗತ್ತೆ. ಈ ಚೀಟಿಯಲ್ಲಿ 60,000ಕ್ಕಿಂತ ಜಾಸ್ತಿ ಬಿಡೋ ಹಾಗಿರಲಿಲ್ಲ, ಅಷ್ಟಕ್ಕೇ ಇಬ್ಬರು ಮೂವರು ಕೂಗಿದ್ರೆ ಲಾಟರಿ ಎತ್ತೋರು.

ಲೆಕ್ಕ ಸುಲಭ ಆಗ್ಲಿ ಅಂತ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿದೀನಿ. ಮೊದಲ ಐದು ತಿಂಗಳು ಎಲ್ಲರೂ 60,000 ಬಿಟ್ಟು ಎತ್ತಿದ್ರು, ಹಾಗಾಗಿ ಕಂತು 7,500ಕ್ಕೆ ಇಳೀತು. ಆರರಿಂದ ಹತ್ತನೇ ತಿಂಗಳವರೆಗೆ ಕೂಗು 50,000, ಕಂತು 8,000. ಹನ್ನೊಂದರಿಂದ ಹದಿನೈದರವರೆಗೆ ಕೂಗು 34,000, ಕಂತು 8,800. ಆಮೇಲೆ ಹತ್ತೊಂಬತ್ತರವರೆಗೆ ಕೂಗು 20,000, ಕಂತು 9,500. ಇಪ್ಪತ್ತನೇ ತಿಂಗಳು ಉಳಿದಿರೋದು ಒಬ್ಬರೇ, ಹರಾಜೇ ಇಲ್ಲ, ಅವರು 10,000 ಕಟ್ಟಿ ಕಮಿಷನ್ ಕಳೆದು 1,90,000 ತಗೊಂಡ್ರು. ಎಲ್ಲಾ ಕೂಡಿಸಿದ್ರೆ ಪ್ರತಿಯೊಬ್ಬರೂ ಕಟ್ಟಿದ್ದು 1,69,500.

ಮೊದಲು ಕೊನೆಯವರದ್ದು ನೋಡೋಣ. 1,69,500 ಕಟ್ಟಿ 1,90,000 ತಗೊಂಡ್ರು, 20,500 ಜಾಸ್ತಿ ಬಂತು. ಸಾಮಾನ್ಯವಾಗಿ ಜನ ಏನ್ ಮಾಡ್ತಾರೆ ಅಂದ್ರೆ, 20 ತಿಂಗಳಿಗೆ 12 ಪರ್ಸೆಂಟ್ ಬಂತು, ಅಂದ್ರೆ ವರ್ಷಕ್ಕೆ 7 ಚಿಲ್ಲರೆ, ಇದಕ್ಕಿಂತ ಬ್ಯಾಂಕಲ್ಲಿ ಎಫ್‌ಡಿ ಇಟ್ಟಿದ್ರೆ ನೆಮ್ಮದಿಯಾಗಿರ್ತಿತ್ತು ಅಂತಾರೆ. ಇದು ತಪ್ಪು ಲೆಕ್ಕ. ಅವರು ಮೊದಲ ದಿನವೇ 1,69,500 ಇಟ್ಟಿಲ್ವಲ್ಲ, ತಿಂಗಳು ತಿಂಗಳು ಕಟ್ಟಿದಾರೆ, ಮೊದಲ ಕಂತು 19 ತಿಂಗಳು ಅಲ್ಲಿತ್ತು, ಕೊನೆಯ ಕಂತು ಒಂದು ದಿನವೂ ಇರಲಿಲ್ಲ. ಸರಾಸರಿ ತಗೊಂಡ್ರೆ ಅವರ ದುಡ್ಡು ಅಲ್ಲಿ ಇದ್ದದ್ದು ಬರೀ 9 ತಿಂಗಳು. 9 ತಿಂಗಳಿಗೆ 12 ಪರ್ಸೆಂಟ್ ಅಂದ ಮೇಲೆ ಚಿತ್ರವೇ ಬೇರೆ ಆಗತ್ತೆ. ಸರಿಯಾಗಿ ಲೆಕ್ಕ ಹಾಕಿದ್ರೆ ತಿಂಗಳಿಗೆ 1.25, ವರ್ಷಕ್ಕೆ 15 ಪರ್ಸೆಂಟ್ ಬರತ್ತೆ. ಹೋಲಿಸೋದಿದ್ರೆ ಬ್ಯಾಂಕ್ ಆರ್‌ಡಿ ಜೊತೆ ಹೋಲಿಸ್ಬೇಕು, ಎಫ್‌ಡಿ ಜೊತೆ ಅಲ್ಲ.

ಈಗ ಮೊದಲನೇ ತಿಂಗಳಲ್ಲಿ ಎತ್ತಿದವರು. 60,000 ಬಿಟ್ಟು 1,40,000 ತಗೊಂಡ್ರು, ಅದೇ ತಿಂಗಳ ಕಂತು 7,500 ಹೋಗಿ ಕೈಯಲ್ಲಿ ಉಳಿದದ್ದು 1,32,500. ಆಮೇಲೆ 19 ತಿಂಗಳಲ್ಲಿ ಕಟ್ಟಿದ್ದು 1,62,000. ಹೆಚ್ಚಿಗೆ ಕಟ್ಟಿದ್ದು 29,500, ಅದೇ ಬಡ್ಡಿ. ಇಲ್ಲಿ ಜನ ಹೇಳೋದು "2 ಲಕ್ಷಕ್ಕೆ 30 ಪರ್ಸೆಂಟ್ ಬಿಟ್ಟೆ, 20 ತಿಂಗಳು, ತಿಂಗಳಿಗೆ ಒಂದೂವರೆ ಬಿತ್ತು" ಅಂತ. ಆದ್ರೆ ಆ 1,32,500 ಪೂರ್ತಿ 19 ತಿಂಗಳು ಅವರ ಕೈಲಿ ಇರಲ್ಲ, ಪ್ರತಿ ಕಂತಿಗೂ ಸಾಲದ ಬಾಕಿ ಇಳೀತಾ ಹೋಗತ್ತೆ, ಸರಾಸರಿ ಬಾಕಿ ಸುಮಾರು 78,000 ಅಷ್ಟೇ. 78,000ಕ್ಕೆ 19 ತಿಂಗಳಿಗೆ 29,500 ಬಡ್ಡಿ ಅಂದ್ರೆ ತಿಂಗಳಿಗೆ ಹತ್ರ ಹತ್ರ 2 ಪರ್ಸೆಂಟ್, ವರ್ಷಕ್ಕೆ 24. ಕೈಸಾಲದ ಬಡ್ಡಿಗಿಂತ ಕಮ್ಮಿ ಇರಬಹುದು, ಚಿನ್ನದ ಸಾಲಕ್ಕಿಂತ ಖಂಡಿತ ಜಾಸ್ತಿ. ಇನ್ನೊಂದು, ಜಾಮೀನು ಕೊಡೋದು ತಡ ಆಗಿ ದುಡ್ಡು ಕೈಗೆ ಬರೋದು ಒಂದು ತಿಂಗಳು ಮುಂದೆ ಹೋದ್ರೆ ಇದೇ 24 ಸುಮಾರು 27 ಆಗತ್ತೆ, ಹಾಗಾಗಿ ಸಂಬಳದ ಸರ್ಟಿಫಿಕೇಟು, ಜಾಮೀನುದಾರರ ಸಹಿ ಎಲ್ಲಾ ಹರಾಜಿಗೆ ಹೋಗೋ ಮುಂಚೆನೇ ಜೋಡಿಸಿಟ್ಕೊಳ್ಳಿ.

ಕಂಪ್ಯೂಟರಲ್ಲಿ ನೋಡೋರು ಎಕ್ಸೆಲ್‌ನ B ಕಾಲಮ್‌ನಲ್ಲಿ B1ರಿಂದ B20ರವರೆಗೆ 20 ತಿಂಗಳದ್ದು ಬರೀರಿ, ಕಟ್ಟಿದ್ದಕ್ಕೆ ಮೈನಸ್, ಕೈಗೆ ಬಂದಿದ್ದಕ್ಕೆ ಪ್ಲಸ್, ಎತ್ತಿದ ತಿಂಗಳು ಬಂದದ್ದರಲ್ಲಿ ಕಂತು ಕಳೆದು ಬರೀರಿ. ಆಮೇಲೆ ಈ ಸೂತ್ರ ಹಾಕಿದ್ರೆ ವರ್ಷದ ಬಡ್ಡಿ ದರ ಸಿಗತ್ತೆ:

```
=IRR(B1:B20)*12
```

ಮೊದಲನೆಯವರಿಗೂ ಕೊನೆಯವರಿಗೂ ಇದು ಸರಿಯಾಗಿ ಉತ್ತರ ಕೊಡತ್ತೆ. ನಮ್ಮ ಬೇಲೂರಿನವರದ್ದು ಹಾಕಿದ್ರೆ ಮಾತ್ರ `#NUM!` ಅಂತ ಬಂತು. ಅವರು ಎತ್ತಿದ್ದು ಹತ್ತನೇ ತಿಂಗಳು. ಮಧ್ಯದಲ್ಲಿ ಎತ್ತಿದವರು ಮೊದಲರ್ಧ ದುಡ್ಡು ಇಟ್ಟವರು, ಎರಡನೇ ಅರ್ಧ ಸಾಲ ತೀರಿಸೋರು, ಎರಡಕ್ಕೂ ಹೊಂದೋ ಒಂದೇ ಬಡ್ಡಿ ದರ ಅನ್ನೋದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗಾಗಿ ಅವರ ಲೆಕ್ಕವನ್ನ ಬೇರೆ ಥರ ನೋಡ್ಬೇಕು.

ಅವರು ನನ್ನ ಹತ್ರ ಹೇಳಿದ್ದು ಹೀಗೆ, "ಮೊದಲು ಎತ್ತಿದವರೆಲ್ಲಾ ಅರವತ್ತು ಬಿಟ್ರು ಸರ್, ನಾನು ಐವತ್ತಕ್ಕೇ ಎತ್ತಿದೆ, ಹತ್ತು ಸಾವಿರ ಉಳೀತಲ್ಲ." ಕೇಳೋಕೆ ಸರಿ ಅನ್ಸತ್ತೆ. ಆದ್ರೆ ಹತ್ತನೇ ತಿಂಗಳ ಹೊತ್ತಿಗೆ ಅವರು ಆಗಲೇ 77,500 ಕಟ್ಟಿದ್ರು. ಅವರಿಗೆ ಸಿಕ್ಕ 1,50,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ ದುಡ್ಡು, ನಿಜವಾಗಿ ಸಾಲ ಅಂತ ಸಿಕ್ಕಿದ್ದು 72,500 ಮಾತ್ರ, ಅದನ್ನೂ ತೀರಿಸೋಕೆ ಹತ್ತೇ ತಿಂಗಳು. ಇಷ್ಟು ಚಿಕ್ಕ ಸಾಲಕ್ಕೆ, ಇಷ್ಟು ಕಮ್ಮಿ ಅವಧಿಗೆ 50,000 ಬಿಡೋದು ಅಂದ್ರೆ ಅದು ಮೊದಲನೇ ತಿಂಗಳು 60,000 ಬಿಡೋದಕ್ಕಿಂತ ಎಷ್ಟೋ ದುಬಾರಿ.

ಹರಾಜಿನ ದಿನ ಮನಸ್ಸಲ್ಲೇ ಮಾಡ್ಕೊಳ್ಳೋ ಲೆಕ್ಕ ಒಂದಿದೆ. ಈಗಾಗ್ಲೇ ಕಟ್ಟಿದ್ದು ಕಟ್ಟಾಯ್ತು, ಮುಂದಿನ ಕಂತು ಎತ್ತಿದ್ರೂ ಎತ್ತದಿದ್ರೂ ಕಟ್ಲೇಬೇಕು, ಎತ್ತಿದವರಿಗೂ ಡಿವಿಡೆಂಡ್ ಕೊಡೋ ಚೀಟಿ ಆದ್ರೆ ಆ ಕಂತೂ ಒಂದೇ. ಹಾಗಾದ್ರೆ ಪ್ರಶ್ನೆ ಇಷ್ಟೇ, ಈಗ 1,50,000 ಬೇಕಾ, ಇನ್ನು ಹತ್ತು ತಿಂಗಳು ಕಾದು 1,90,000 ಬೇಕಾ? ವ್ಯತ್ಯಾಸ 40,000. ಅದನ್ನ ಈಗ ಸಿಗೋ 1,50,000ದಿಂದ ಭಾಗಿಸಿ, ಉಳಿದ ಹತ್ತು ತಿಂಗಳಿಂದ ಭಾಗಿಸಿದ್ರೆ ತಿಂಗಳಿಗೆ 2.67 ಪರ್ಸೆಂಟ್. ಇದೇ ಲೆಕ್ಕ ಮೊದಲನೇ ತಿಂಗಳಿಗೆ ಹಾಕಿ, 50,000 ಭಾಗಿಸು 1,40,000, ಭಾಗಿಸು 19 ತಿಂಗಳು, ಬರೋದು 1.88. ಅಂದ್ರೆ ಕೂಗು 60ರಿಂದ 50ಕ್ಕೆ ಇಳಿದ್ರೂ ಬಡ್ಡಿ ಏರಿದೆ. ಹತ್ತೊಂಬತ್ತನೇ ತಿಂಗಳಲ್ಲಿ 20,000 ಬಿಟ್ಟು ಎತ್ತಿದವರು ಒಂದೇ ಒಂದು ತಿಂಗಳು ಕಾಯೋಕೆ ಆಗದೆ 1,80,000ಕ್ಕೆ 10,000 ಕಳ್ಕೊಂಡ್ರು, ಅದು ತಿಂಗಳಿಗೆ ಐದೂವರೆ ಪರ್ಸೆಂಟ್! ಕೂಗು ಕಮ್ಮಿ ಆಗಿದೆ ಅಂತ ಖುಷಿಯಲ್ಲಿ ಎತ್ತೋರು ಹೆಚ್ಚಾಗಿ ಈ ಕೊನೆಯ ತಿಂಗಳುಗಳಲ್ಲೇ ಇರ್ತಾರೆ, ಇದನ್ನ ನೋಡಿದಾಗೆಲ್ಲಾ ನನಗೆ ಹೊಟ್ಟೆ ಉರಿಯತ್ತೆ.

ಬೇಲೂರಿನವರ ಚೀಟಿ ಶುರುವಾಗಿದ್ದು ಏಪ್ರಿಲ್‌ನಲ್ಲಿ, ಹತ್ತನೇ ತಿಂಗಳು ಅಂದ್ರೆ ಜನವರಿ. ಕೊಯ್ಲಿನ ಕೂಲಿ ಬಟವಾಡೆ ಮಾಡ್ಬೇಕಿತ್ತು, ಕಾಫಿ ಮಾರಿದ ದುಡ್ಡು ಮಾರ್ಚ್ ಏಪ್ರಿಲ್‌ಗೆ ಬರೋದಿತ್ತು. ಬೇಕಾಗಿದ್ದದ್ದು ಮೂರು ತಿಂಗಳ ಸಾಲ. ಮನೇಲಿ ಚಿನ್ನ ಇತ್ತು. ತಿಂಗಳಿಗೆ ಒಂದು ಪರ್ಸೆಂಟ್ ಅಂತ ಇಟ್ಕೊಂಡ್ರೂ 1,50,000 ಚಿನ್ನದ ಸಾಲಕ್ಕೆ ಮೂರು ತಿಂಗಳ ಬಡ್ಡಿ 4,500. ಕಾಫಿ ಮಾರಿ ಅದನ್ನ ತೀರಿಸಿ, ಚೀಟಿ ಹಾಗೇ ಮುಂದುವರಿಸಿ ನವೆಂಬರ್‌ವರೆಗೆ ಕಾದಿದ್ರೆ 1,90,000 ಪೂರ್ತಿ ಬರ್ತಿತ್ತು. ಚೀಟಿ ಮೊದಲೇ ಎತ್ತೋದು ತಪ್ಪು ಅಂತ ನಾನು ಹೇಳ್ತಿಲ್ಲ, ಬ್ಯಾಂಕಲ್ಲಿ ಸಾಲ ಹುಟ್ಟದವರಿಗೆ, 20 ತಿಂಗಳ ಉದ್ದಕ್ಕೂ ದುಡ್ಡು ಬೇಕಾದವರಿಗೆ ಮೊದಲ ತಿಂಗಳ 24 ಪರ್ಸೆಂಟ್ ಎಷ್ಟೋ ಸಲ ಸರಿಯಾದ ದಾರಿನೇ. ಆದ್ರೆ ಮೂರು ತಿಂಗಳ ಅಗತ್ಯಕ್ಕೆ ಚೀಟಿ ಮಧ್ಯದಲ್ಲಿ ಮುರೀಬೇಡಿ.

ಇಷ್ಟೆಲ್ಲಾ ಕೇಳಿ "ಹಾಗಾದ್ರೆ ಕೊನೇವರೆಗೆ ಕಾಯೋದೇ ಒಳ್ಳೇದು" ಅಂದ್ಕೊಳ್ಳೋ ಮುಂಚೆ ಆ 15 ಪರ್ಸೆಂಟ್ ಎಲ್ಲಿಂದ ಬರತ್ತೆ ನೋಡಿ. ಮೊದಲು ಎತ್ತಿದವರು ಕೊನೇವರೆಗೆ ಕಂತು ಕಟ್ಟಿದ್ರೆ, ಚೀಟಿ ನಡೆಸೋ ಫೋರ್‌ಮನ್ ಗಟ್ಟಿ ಇದ್ರೆ ಮಾತ್ರ ಅದು ಬರೋದು. ಹತ್ತೊಂಬತ್ತನೇ ತಿಂಗಳ ಹೊತ್ತಿಗೆ ಎತ್ತದೇ ಇರೋರ 1,59,500 ಹೊರಗೆ ಇರತ್ತೆ. 1982ರ ಚೀಟಿ ನಿಧಿ ಕಾಯ್ದೆ ಪ್ರಕಾರ ನೋಂದಣಿ ಆದ ಚೀಟಿಗೆ ಫೋರ್‌ಮನ್ ಭದ್ರತೆ ಇಡ್ಬೇಕು, ಆದ್ರೆ ಬ್ಯಾಂಕ್ ಠೇವಣಿ ರೂಪದಲ್ಲಿ ಅದು ಒಂದು ಚೀಟಿ ಮೊತ್ತದಷ್ಟು, ಇಲ್ಲಿ 2 ಲಕ್ಷ. ಕೊನೆಗೆ ಉಳಿದ ಒಬ್ಬರಿಗೆ ಅದು ಸಾಕಾಗಬಹುದು, ಚೀಟಿ ಮಧ್ಯದಲ್ಲೇ ನಿಂತ್ರೆ ಇನ್ನೂ ಎತ್ತದ ಎಲ್ಲರ ದುಡ್ಡಿಗೂ ಸಾಕಾಗಲ್ಲ. ನೋಂದಣಿ ಇಲ್ಲದೆ ಬೀದಿಯಲ್ಲಿ ಯಾರೋ ನಡೆಸೋ ಚೀಟಿಯಲ್ಲಿ ಅಷ್ಟೂ ಇರಲ್ಲ, ಅಂಥ ಕಡೆ ಕೊನೇವರೆಗೆ ಕಾಯಿರಿ ಅಂತ ನಾನು ಯಾರಿಗೂ ಹೇಳಲ್ಲ, ಲೆಕ್ಕದಲ್ಲಿ 20 ಪರ್ಸೆಂಟ್ ಕಂಡ್ರೂ ಸರಿ.

ಒಪ್ಪಂದ ಓದೋವಾಗ ಇನ್ನೆರಡು ಸಾಲು ಹುಡುಕಿ. ಕೆಲವು ಚೀಟಿಗಳಲ್ಲಿ ಎತ್ತಿದವರಿಗೆ ಡಿವಿಡೆಂಡ್ ಇಲ್ಲ, ಪೂರ್ತಿ 10,000 ಕಟ್ಬೇಕು, ಅಲ್ಲಿ ಮೊದಲು ಎತ್ತಿದವರ ಬಡ್ಡಿ ಮೇಲೆ ಹೇಳಿದ 24ರಲ್ಲಿ ನಿಲ್ಲಲ್ಲ. ಇನ್ನೊಂದು, ಕಂತು ಗಡುವು ದಾಟಿದ್ರೆ ಆ ತಿಂಗಳ ಡಿವಿಡೆಂಡ್ ಇಲ್ಲ ಅನ್ನೋ ಷರತ್ತು ಬಹಳ ಕಡೆ ಇರತ್ತೆ. ಮೊದಲ ತಿಂಗಳುಗಳಲ್ಲಿ ಹಾಗೆ ನಾಲ್ಕು ದಿನ ತಡ ಮಾಡಿದ್ರೆ 7,500 ಬದಲು 10,000 ಕಟ್ಬೇಕು, ಹೀಗೆ ಎರಡು ಸಲ ಆದ್ರೆ ಕೊನೆಯವರ 20,500 ಲಾಭದಲ್ಲಿ 5,000 ಅಲ್ಲೇ ಹೋಯ್ತು.