ಡಾಕ್ಟರು ಹೇಳಿದ ಮಾತು ಯಾವ ಕಲಂನಲ್ಲಿ ಕೂರಬೇಕು?

ಬೆಳಗಾವಿ, ವಿಜಯಪುರದ ಆಪರೇಷನ್ ಥಿಯೇಟರುಗಳಲ್ಲಿ ಸರ್ಜನ್ ಹೇಳಿದ್ದನ್ನು ದಾಖಲಿಸಲು ಮೊದಲು ಇದ್ದದ್ದು ಕೈಬರಹದ ರಿಜಿಸ್ಟರ್, ಆಮೇಲೆ ಟೇಪು, ಈಗ ಜೇಬಿನ ಮೊಬೈಲು. ಸಾಧನ ಬದಲಾದರೂ ತಕರಾರು ಹಳೆಯದೇ: ಸರ್ಜನ್ ನೆನಪಾದ ಹಾಗೆ ಮಾತಾಡುತ್ತಾರೆ, ಕೇಸ್‌ಶೀಟಿಗೆ ಮಾತ್ರ ಆಪರೇಷನ್ನಿಗೆ ಕಾರಣ, ಒಳಗೆ ಕಂಡದ್ದು, ಮಾಡಿದ್ದು, ಹೊಲಿಗೆ ಎಂದು ಬೇರೆಬೇರೆ ಬೇಕು.

1990ರ ದಶಕದಲ್ಲಿ ಅಮೆರಿಕದ ವೈದ್ಯರ ಧ್ವನಿಯನ್ನು ಕೇಳಿ ಬರೆಯುವ ಕೆಲಸ ಬೆಂಗಳೂರಿಗೆ ಬಂತು. ಅಲ್ಲಿ ಬೆಳೆದ ಒಂದು ಶಿಸ್ತು ನನಗೆ ಇವತ್ತಿಗೂ ದೊಡ್ಡದೆನಿಸುತ್ತದೆ. ಕೇಳಿಸದ ಜಾಗವನ್ನು ಊಹಿಸಿ ತುಂಬುವಂತಿಲ್ಲ. ಖಾಲಿ ಬಿಟ್ಟು, ಧ್ವನಿಯ ಎಷ್ಟನೇ ನಿಮಿಷದಲ್ಲಿ ಅದು ಬರುತ್ತದೆಂದು ಗುರುತು ಹಾಕಬೇಕು. ರಕ್ತ ಹೋದದ್ದು ‘ಫಿಫ್ಟೀನ್’ ಮಿಲಿಯೋ ‘ಫಿಫ್ಟಿ’ಯೋ ತಿಳಿಯದಿದ್ದರೆ ಅಲ್ಲಿ ಖಾಲಿಯೇ ಸರಿ.

ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶ ತೆಗೆಯುವ ಆಪರೇಷನ್, ಅಂದರೆ ‘ಲ್ಯಾಪ್ ಕೋಲಿ’ಯ ಒಂದು ಕಲ್ಪಿತ ಕೇಸು ನೋಡಿ. ಧ್ವನಿಯಲ್ಲಿ ಹೀಗಿದೆ: ‘ಲ್ಯಾಪ್ ಕೋಲಿ ಮಾಡೇವಿ. ಗಾಲ್‌ಬ್ಲ್ಯಾಡರ್ ಬಿಗಿದಿತ್ತು, ಸೂಜಿ ಹಾಕಿ ಎಳದ್ವಿ, ಕೀವು ಬಂತು, ಕಲ್ಚರ್‌ಗೆ ಕಳಿಸೇವಿ. ಡಕ್ಟ್, ಆರ್ಟರಿ ಕ್ಲಿಪ್ ಹಾಕಿ ಕತ್ತರಿಸಿದ್ವಿ. ಡ್ರೇನ್ ಬ್ಯಾಡ ಅಂದಿದ್ವಿ, ಕಡೀಕ ಇಟ್ಟೇವಿ. ಹಾಂ, ಓಮೆಂಟಮ್ ಅಂಟಿಕೊಂಡಿತ್ತು, ಬಿಡಿಸಿದ್ವಿ. ಹೊಕ್ಕಳ ಪೋರ್ಟ್ ಶೀತ್ ಹೊಲದೇವಿ.’

ಇಲ್ಲಿ ಎರಡನೆಯ ವಾಕ್ಯವೇ ಒಡೆಯುತ್ತದೆ. ಬಿಗಿದಿದ್ದು, ಕೀವು ಇದ್ದದ್ದು ‘ಕಂಡದ್ದು’. ಸೂಜಿ ಹಾಕಿ ಎಳೆದದ್ದು, ಕಲ್ಚರ್‌ಗೆ ಕಳಿಸಿದ್ದು ‘ಮಾಡಿದ್ದು’. ಹೊಟ್ಟೆಯೊಳಗಿನ ಕೊಬ್ಬಿನ ಪದರವಾದ ಓಮೆಂಟಮ್ ಕೊನೆಗೆ ನೆನಪಾದರೂ, ಅಂಟಿಕೊಂಡಿತ್ತೆಂಬುದು ‘ಕಂಡದ್ದು’ ಕಲಂನಲ್ಲೂ, ಬಿಡಿಸಿದ್ದು ಕ್ಲಿಪ್ ಹಾಕುವುದಕ್ಕಿಂತ ಮುಂಚಿನ ಹೆಜ್ಜೆಯಾಗಿಯೂ ಬರಬೇಕು. ಡ್ರೇನ್ ಬಗ್ಗೆ ಕಡೆಯ ಮಾತೇ ನಿಲ್ಲುತ್ತದೆ. ‘ಬ್ಯಾಡ’ ಎಂಬುದನ್ನಷ್ಟೇ ಹಿಡಿದು ‘ಡ್ರೇನ್ ಇಲ್ಲ’ ಎಂದು ಬರೆದರೆ, ಮರುದಿನ ವಾರ್ಡಿನಲ್ಲಿ ಹೊಟ್ಟೆಯಿಂದ ಹೊರಬಂದ ನಳಿಕೆ ಕೇಸ್‌ಶೀಟಿಗೇ ಎದುರು ಸಾಕ್ಷಿ ನುಡಿಯುತ್ತದೆ.

ಹೆಚ್ಚು ಜಾರುವುದು ‘ಕಾರಣ’ದ ಕಲಂನಲ್ಲಿ. ಕೀವು ಸಿಕ್ಕಿತಲ್ಲ ಎಂದು ‘ಕೀವು ತುಂಬಿದ ಪಿತ್ತಕೋಶಕ್ಕಾಗಿ ಆಪರೇಷನ್’ ಎಂದು ಬರೆದುಬಿಡುತ್ತಾರೆ. ಆದರೆ ಕಾರಣವೆಂದರೆ ಚಾಕು ಹಿಡಿಯುವ ಮೊದಲು ಗೊತ್ತಿದ್ದದ್ದು. ಸರ್ಜನ್ ಈ ಧ್ವನಿಯಲ್ಲಿ ಅದನ್ನು ಹೇಳಿಯೇ ಇಲ್ಲ. ಸ್ಕ್ಯಾನ್ ವರದಿ ನೋಡಿ ಬರೆದರೆ ಅಲ್ಲಿಂದ ತಂದದ್ದೆಂದು ಗುರುತಿಸಬೇಕು; ಇಲ್ಲವೇ ಖಾಲಿ ಬಿಡಬೇಕು.

ಕಂಪ್ಯೂಟರಿನ ಸಿದ್ಧ ನಮೂನೆಗಳು ಬಂದ ಮೇಲೆ ಖಾಲಿ ಜಾಗ ಅವಮಾನವೆಂಬಂತಾಗಿದೆ. ಯಾರೂ ಹೇಳದಿದ್ದರೂ ‘ಪಿತ್ತ ಸೋರಿಲ್ಲ, ಮಾಪ್ ಎಣಿಕೆ ಸರಿಯಿದೆ’ ಎಂಬ ಸಾಲು ಮೊದಲೇ ಅಚ್ಚಾಗಿರುತ್ತದೆ, ಎಲ್ಲರ ಕೇಸಿನಲ್ಲೂ ಒಂದೇ ತರ. ಮೇಲಿನ ಧ್ವನಿಯಲ್ಲಿ ರಕ್ತ ಒರೆಸುವ ಮಾಪ್‌ಗಳ ಎಣಿಕೆಯ ಮಾತಿಲ್ಲ, ಚರ್ಮ ಯಾವುದರಿಂದ ಹೊಲಿದರೆಂಬುದೂ ಇಲ್ಲ. ಸಿಸ್ಟರ್ ಬರೆದ ಎಣಿಕೆ ಹಾಳೆ ಹೊರಗಿನ ಟೇಬಲ್ ಮೇಲೇ ಇರುತ್ತದೆ. ಸಹಿಗೆ ಮುಂಚೆ ಆ ಎರಡು ಖಾಲಿ ಜಾಗ ತೋರಿಸಿ ಸರ್ಜನ್‌ರನ್ನು ಕೇಳಲು ಎರಡು ನಿಮಿಷ ಸಾಕು.